ಕೆಂಪುಕಲ್ಲಿನ ಕೋರೆಗೆ ಎರಡು ಐಆರ್‌ಆರ್: ಯಾವ ಲೆಕ್ಕ ನಂಬಬೇಕು?

ಹೋದ ಮಳೆಗಾಲದಲ್ಲಿ ಭಾವ ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಚೆ ಒಂದು ಗುಡ್ಡೆಯಲ್ಲಿ ಎಕರೆ ಜಾಗ ಲೀಸಿಗೆ ಹಿಡಿದು ಕೆಂಪುಕಲ್ಲು ತೆಗೆಯುವ ಯೋಚನೆ ಅವನದ್ದು. ಜೊತೆಗೆ ಒಬ್ಬ ಪಾಲುದಾರ. ಇಬ್ಬರೂ ಒಂದೇ ಶೀಟು, ಒಂದೇ ನಾಲ್ಕು ಅಂಕಿ ಇಟ್ಟುಕೊಂಡು, ಹಾಕಿದ ಹಣಕ್ಕೆ ವರ್ಷಕ್ಕೆ ಎಷ್ಟು ಶೇಕಡಾ ಗಳಿಕೆ ಅಂತ ಹೇಳುವ ಐಆರ್‌ಆರ್ ತೆಗೆದಿದ್ದಾರೆ. ಭಾವನಿಗೆ ಬಂದದ್ದು 10 ಶೇಕಡಾ. ಪಾಲುದಾರನಿಗೆ 50.

"ಭಾವಾ, ಇದೆಂತ ಕತೆ? ಒಬ್ಬನದ್ದಾದರೂ ತಪ್ಪಿರಬೇಕಲ್ವಾ?" ಅಂತ ನನ್ನನ್ನು ಕೇಳಿದ.

ಲೆಕ್ಕಪತ್ರ ಬರೆಯುವುದೇ ನನ್ನ ಕೆಲಸ, ಹಾಗಾಗಿ ಇಂಥ ಪಂಚಾಯಿತಿಗೆಲ್ಲ ನಾನೇ. ಅಂಕಿ ನೋಡಿದೆ. ಇಬ್ಬರದ್ದೂ ಸರಿ ಇತ್ತು. ತೊಂದರೆ ಇದ್ದದ್ದು ಅಲ್ಲೇ.

ಅವನ ಅಂಕಿಗಳನ್ನು ಸ್ವಲ್ಪ ದುಂಡಾಗಿಸಿ ಇಲ್ಲಿ ಕೊಡುತ್ತೇನೆ. ತೆರಿಗೆ ಸೇರಿಸಿಲ್ಲ. ಪ್ರತಿ ವರ್ಷದ ಹಣವೂ ಆ ವರ್ಷದ ಕೊನೆಗೆ ಕೈಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಲೀಸು, ಪರವಾನಗಿ, ಮೇಲ್ಮಣ್ಣು ತೆಗೆಯುವ ಜೆಸಿಬಿ, ಕಲ್ಲು ಕೊಯ್ಯುವ ಮಿಷನ್ ಎಲ್ಲ ಸೇರಿ ಮೊದಲಿಗೆ 20 ಲಕ್ಷ ಕೈಯಿಂದ ಹೋಗುತ್ತದೆ. ಒಂದನೇ ವರ್ಷ ಕಲ್ಲು ಮಾರಿ ಖರ್ಚು ಕಳೆದು 32 ಲಕ್ಷ ಬರುತ್ತದೆ. ಎರಡನೇ ವರ್ಷ 19 ಲಕ್ಷ. ಮೂರನೇ ವರ್ಷ ಕಲ್ಲಿಲ್ಲ, ಬರೀ ಹೊಂಡ. ಒಪ್ಪಂದದ ಪ್ರಕಾರ ಅದನ್ನು ಮಣ್ಣು ತುಂಬಿಸಿ ಸಮ ಮಾಡಿ ಜಾಗದ ಯಜಮಾನರಿಗೆ ಒಪ್ಪಿಸಬೇಕು. ಅದಕ್ಕೆ 33 ಲಕ್ಷ.

ಈ 33 ಲಕ್ಷ ಕೇಳಿ ಹೌಹಾರಬೇಡಿ. ಒಂದು ಎಕರೆ ಹೊಂಡ, ಸರಾಸರಿ 10 ಅಡಿ ಆಳ ಅಂದರೆ 4,35,600 ಘನ ಅಡಿ. ಟಿಪ್ಪರಿಗೆ 300 ಘನ ಅಡಿ ಹಿಡಿದರೂ 1,452 ಲೋಡು ಬೇಕು. ಭಾವ ವಿಚಾರಿಸಿದ ದರ ಲೋಡಿಗೆ 2,200 ರೂಪಾಯಿ. ಅಲ್ಲಿಗೆ ಸುಮಾರು 31.9 ಲಕ್ಷ, ಮತ್ತೆ ಸಮ ಮಾಡಲು ಜೆಸಿಬಿಗೆ 1.1 ಲಕ್ಷ. ಕಲ್ಲು ತೆಗೆಯುವವರು ಸಾಮಾನ್ಯವಾಗಿ ಈ ಲೆಕ್ಕ ಕೊನೆಗೆ ಮಾಡುತ್ತಾರೆ. ಭಾವ ಮೊದಲೇ ಮಾಡಿದ್ದ, ಅದಕ್ಕೆ ಅವನನ್ನು ಮೆಚ್ಚಬೇಕು.

ಚಿಹ್ನೆ ಎಷ್ಟು ಸಲ ತಿರುಗಿತು?

ಹಣದ ಸಾಲನ್ನು ಅಡ್ಡಕ್ಕೆ ಬರೆಯಿರಿ: −20, +32, +19, −33. ಮೈನಸ್ಸಿನಿಂದ ಪ್ಲಸ್ಸಿಗೆ ಒಮ್ಮೆ, ಪ್ಲಸ್ಸಿನಿಂದ ಮೈನಸ್ಸಿಗೆ ಇನ್ನೊಮ್ಮೆ. ಎರಡು ತಿರುವು.

ಅಡಿಕೆ ತೋಟದಲ್ಲಿ ಹೀಗಾಗುವುದಿಲ್ಲ. ಮೊದಲ ಕೆಲವು ವರ್ಷ ಬರೀ ಖರ್ಚು, ಆಮೇಲೆ ಫಸಲು. ಒಂದೇ ತಿರುವು. ಅಂಥ ಸಾಲಿಗೆ ಐಆರ್‌ಆರ್ ಒಂದೇ ಬರುತ್ತದೆ, ಅದನ್ನು ಬ್ಯಾಂಕಿನ ದರದ ಪಕ್ಕ ಇಟ್ಟು ನೋಡಿದರೆ ಸಾಕು. ಐಆರ್‌ಆರ್ ಅಂದರೆ ಬೇರೇನೂ ಅಲ್ಲ, ಬರುವ ಹೋಗುವ ಹಣವನ್ನೆಲ್ಲ ಇವತ್ತಿನ ಬೆಲೆಗೆ ಇಳಿಸಿ ಕೂಡಿದಾಗ ಮೊತ್ತ ಸೊನ್ನೆಯಾಗುವ ಬಡ್ಡಿ ದರ. ನಾಲ್ಕು ಅಂಕಿಯ ಸಾಲಿನಲ್ಲಿ ಅದನ್ನು ಹುಡುಕುವುದೆಂದರೆ ಮೂರನೇ ಘಾತದ ಸಮೀಕರಣ ಬಿಡಿಸುವುದು. ಅಂಥ ಸಮೀಕರಣಕ್ಕೆ ಎಷ್ಟು ಧನಾತ್ಮಕ ಉತ್ತರ ಇರಬಹುದು ಎಂಬುದಕ್ಕೆ ಗಣಿತಜ್ಞ ದೆಕಾರ್ತ್ 1637ರಲ್ಲೇ ನಿಯಮ ಕೊಟ್ಟಿದ್ದಾನೆ: ಚಿಹ್ನೆ ಎಷ್ಟು ಸಲ ತಿರುಗುತ್ತದೋ ಅಷ್ಟು, ಇಲ್ಲವೇ ಅದಕ್ಕಿಂತ ಎರಡೆರಡರಂತೆ ಕಡಿಮೆ. ಎರಡು ತಿರುವು ಇದ್ದರೆ ಎರಡು ಉತ್ತರ ಇರಬಹುದು, ಒಂದೂ ಇಲ್ಲದೆ ಇರಬಹುದು.

ಭಾವನ ಶೀಟಿನಲ್ಲಿ ಆದದ್ದು ಇದು. ಅಂಕಿಗಳು B2ಯಿಂದ B5ರವರೆಗೆ ಇದ್ದವು.

```
=IRR(B2:B5)        → 10%
=IRR(B2:B5,0.6)    → 50%
```

ಎರಡನೆಯದರಲ್ಲಿ ಕೊನೆಗಿರುವ 0.6 ಒಂದು ಊಹೆ. ಕಂಪ್ಯೂಟರು ಅಲ್ಲಿಂದ ಹುಡುಕಲು ಶುರು ಮಾಡಿ ಹತ್ತಿರ ಸಿಕ್ಕಿದ ಉತ್ತರಕ್ಕೆ ನಿಂತುಬಿಡುತ್ತದೆ. ಊಹೆ ಕೊಡದಿದ್ದರೆ ತಾನಾಗಿ 10 ಶೇಕಡಾದಿಂದ ಶುರು ಮಾಡುತ್ತದೆ. "ಇನ್ನೊಂದು ಉತ್ತರ ಕೂಡ ಉಂಟು" ಅಂತ ಅದು ಯಾವತ್ತೂ ಹೇಳುವುದಿಲ್ಲ. ಊಹೆ ಎರಡು ಉತ್ತರಗಳ ನಡುವೆ ಎಲ್ಲೋ ಬಿದ್ದರೆ ಕೆಲವು ಸಲ ದಾರಿ ತಪ್ಪಿ `#NUM!` ತೋರಿಸುತ್ತದೆ. ನಿಮ್ಮ ಶೀಟಿನಲ್ಲಿ ತಿರುವು ಎರಡಿದ್ದರೆ ಸಣ್ಣ ಊಹೆ ಒಂದು, ದೊಡ್ಡ ಊಹೆ ಒಂದು ಹಾಕಿ ನೋಡಿ. ಉತ್ತರ ಬದಲಾದರೆ ಕಾಯಿಲೆ ಗೊತ್ತಾಯಿತು.

ಸರಿ, ಈಗ ಸುಮ್ನೆ ಆ ನಾಲ್ಕು ಅಂಕಿಯನ್ನು ಬಡ್ಡಿ ಗಿಡ್ಡಿ ಇಲ್ಲದೆ ಕೂಡಿಸಿ ನೋಡಿ. −20, +32, +19, −33. ಮೊತ್ತ −2. ಹಾಕಿದ್ದಕ್ಕಿಂತ ಎರಡು ಲಕ್ಷ ಕಡಿಮೆ ಬರುವ ವ್ಯವಹಾರಕ್ಕೆ ಕಂಪ್ಯೂಟರು 10 ಶೇಕಡಾ, 50 ಶೇಕಡಾ ಅಂತ ಲಾಭ ತೋರಿಸುತ್ತಿದೆ! ಭಾವ ಇದನ್ನು ನೋಡಿ ಒಂದು ನಿಮಿಷ ಮಾತಾಡಲಿಲ್ಲ.

ಆ 50 ಎಲ್ಲಿಂದ ಬಂತು?

ಇದನ್ನು ಒಂದು ಪಾಸ್‌ಬುಕ್ಕಿನ ಹಾಗೆ ಬರೆದರೆ ಗುಟ್ಟು ಹೊರಗೆ ಬರುತ್ತದೆ. ದರ 50 ಶೇಕಡಾ ಅಂತ ನಂಬೋಣ. ಹಾಕಿದ 20 ಲಕ್ಷಕ್ಕೆ ಒಂದು ವರ್ಷಕ್ಕೆ 10 ಲಕ್ಷ ಬಡ್ಡಿ, ಒಟ್ಟು 30 ಬರಬೇಕು. ಬಂದದ್ದು 32. ಅಂದರೆ ಮೊದಲ ವರ್ಷದ ಕೊನೆಗೇ ಹಾಕಿದ್ದೆಲ್ಲ ಬಡ್ಡಿ ಸಮೇತ ವಾಪಸು ಬಂದು 2 ಲಕ್ಷ ಕೈಯಲ್ಲಿ ಉಳಿಯಿತು. ಇಲ್ಲಿಂದ ಮುಂದೆ ನೀವು ಕೋರೆಯಲ್ಲಿ ಹಣ ಹಾಕಿದವರಲ್ಲ. ಮುಂದಿನ ಮಣ್ಣಿನ ಖರ್ಚಿಗಾಗಿ ಹಣ ಹಿಡಿದುಕೊಂಡಿರುವವರು. ಆ 2 ಲಕ್ಷ ಮುಂದಿನ ವರ್ಷಕ್ಕೆ 3 ಆಗಬೇಕು. ಅದಕ್ಕೆ 19 ಸೇರಿ 22. ಆ 22 ಇನ್ನೊಂದು ವರ್ಷದಲ್ಲಿ 33 ಆಗಬೇಕು. ಆಗ ಮಾತ್ರ ಹೊಂಡ ತುಂಬಿಸಲು ಹಣ ಸರಿಯಾಗುತ್ತದೆ.

22 ಲಕ್ಷವನ್ನು ಒಂದು ವರ್ಷದಲ್ಲಿ 33 ಲಕ್ಷ ಮಾಡಿಕೊಡುವ ಸೊಸೈಟಿ ಎಲ್ಲಿದೆ? ಇದ್ದರೆ ಕಲ್ಲು ಯಾಕೆ ಕೊಯ್ಯಬೇಕು, ಅಲ್ವಾ?

10 ಶೇಕಡಾದ ಕತೆಯೂ ಇದೇ, ಸುಳ್ಳು ಮಾತ್ರ ಸಣ್ಣದು. 20 ಲಕ್ಷ 22 ಆಯಿತು. 32ರಲ್ಲಿ ಅದು ಹೋಗಿ 10 ಉಳಿಯಿತು. ಆ 10 ಮುಂದಿನ ವರ್ಷಕ್ಕೆ 11, 19 ಸೇರಿ 30, ಅದು ಬೆಳೆದು 33. ಇಲ್ಲಿ ಕೈಯಲ್ಲಿ ಹಿಡಿದ ಹಣಕ್ಕೆ 10 ಶೇಕಡಾ ಬಡ್ಡಿ ಬರಬೇಕು. ಭಾವನ ಠೇವಣಿಗೆ ಬ್ಯಾಂಕು ಕೊಡುವುದು 7.

ವಿಷಯದ ತಿರುಳು ಇಷ್ಟೇ. ಐಆರ್‌ಆರ್ ಒಂದೇ ದರವನ್ನು ಎರಡು ಬೇರೆ ಕೆಲಸಕ್ಕೆ ಬಳಸುತ್ತದೆ: ಕೋರೆಯಲ್ಲಿ ಸಿಕ್ಕಿಕೊಂಡ ನಿಮ್ಮ ಹಣಕ್ಕೆ ಕೋರೆ ಕೊಡುವ ದರ, ಮತ್ತು ನೀವು ಹಿಡಿದುಕೊಂಡ ಹಣಕ್ಕೆ ಹೊರಗೆ ಎಲ್ಲೋ ಸಿಗುವ ದರ. ಮೊದಲನೆಯದನ್ನು ಕೋರೆ ತೀರ್ಮಾನಿಸುತ್ತದೆ. ಎರಡನೆಯದನ್ನು ಬ್ಯಾಂಕು ತೀರ್ಮಾನಿಸುತ್ತದೆ. ಎರಡನ್ನೂ ಒಂದೇ ಅಂಕಿಯಲ್ಲಿ ತುರುಕಿದರೆ ಹೀಗೆ ಆಗುತ್ತದೆ.

ಇದೇನು ಹೊಸ ರೋಗ ಅಲ್ಲ. 1955ರಲ್ಲಿ ಜೇಮ್ಸ್ ಲೋರಿ ಮತ್ತು ಲಿಯೊನಾರ್ಡ್ ಸ್ಯಾವೇಜ್ ಎಂಬ ಇಬ್ಬರು ಪ್ರಾಧ್ಯಾಪಕರು ಇದರ ಬಗ್ಗೆ ಬರೆದಿದ್ದರು. ಪಾಠಗಳಲ್ಲಿ ಬರುವ ಹಳೆಯ ಉದಾಹರಣೆ ಎಣ್ಣೆ ಬಾವಿಯ ಪಂಪಿನದ್ದು. ದೊಡ್ಡ ಪಂಪಿಗೆ 1,600 ಡಾಲರ್ ಜಾಸ್ತಿ ಕೊಟ್ಟರೆ ಮುಂದಿನ ವರ್ಷ ಬರಬೇಕಾದ ಎಣ್ಣೆ ಈ ವರ್ಷವೇ ಬರುತ್ತದೆ. ವ್ಯತ್ಯಾಸ ಬರೆದರೆ −1,600, +10,000, −10,000. ಐಆರ್‌ಆರ್ 25 ಶೇಕಡಾವೂ ಹೌದು, 400 ಶೇಕಡಾವೂ ಹೌದು. ಕೊನೆಗೆ ದೊಡ್ಡ ಖರ್ಚು ಇಲ್ಲದಿದ್ದರೂ ಎರಡು ಆಯ್ಕೆಗಳ ವ್ಯತ್ಯಾಸ ತೆಗೆದಾಗ ಈ ತೊಂದರೆ ಹುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಒಂದು ಮಿಷನ್ ಇಟ್ಟು ಎರಡು ವರ್ಷ ಕೊಯ್ಯುವುದೋ, ಎರಡು ಮಿಷನ್ ಇಟ್ಟು ಒಂದೇ ವರ್ಷದಲ್ಲಿ ಮುಗಿಸುವುದೋ ಎಂಬ ಪ್ರಶ್ನೆಯೂ ಇದೇ ಜಾತಿಯದ್ದು.

ಹಾಗಾದರೆ ಯಾವುದನ್ನು ಹಿಡಿಯಬೇಕು?

ಭಾವನ ಮುಂದೆ ಇದ್ದ ದಾರಿಗಳು ಮೂರು. ಮೂರನ್ನೂ ಅವನ ಅಂಕಿಯಲ್ಲೇ ಮಾಡಿ ನೋಡಿದೆವು. ಮೊದಲಿಗೆ ಎನ್‌ಪಿವಿ, ಅಂದರೆ ನಿವ್ವಳ ಪ್ರಸ್ತುತ ಮೌಲ್ಯ, ಎಲ್ಲ ಹಣವನ್ನೂ ಇವತ್ತಿನ ಬೆಲೆಗೆ ಇಳಿಸಿ ಕೂಡಿದ ಮೊತ್ತ. ದರವನ್ನು ನಾವೇ ಕೊಡುತ್ತೇವೆ, ಉತ್ತರ ರೂಪಾಯಿಯಲ್ಲಿ ಬರುತ್ತದೆ, ಒಂದು ದರಕ್ಕೆ ಒಂದೇ ಉತ್ತರ. ಜಗಳಕ್ಕೆ ಜಾಗವಿಲ್ಲ.

```
=NPV(7%,B3:B5)+B2
```

B2ಯನ್ನು ಕಂಸದ ಹೊರಗೆ ಇಟ್ಟದ್ದು ಗಮನಿಸಿ. ಈ ಸೂತ್ರ ತನ್ನೊಳಗಿನ ಮೊದಲ ಅಂಕಿಯನ್ನೂ ಒಂದು ವರ್ಷ ಹಿಂದಕ್ಕೆ ಇಳಿಸುತ್ತದೆ. ಇವತ್ತೇ ಕೊಡುವ 20 ಲಕ್ಷವನ್ನು ಒಳಗೆ ಹಾಕಿದರೆ ಲೆಕ್ಕ ತಪ್ಪುತ್ತದೆ. ನಾನು ನೋಡುವ ಶೀಟುಗಳಲ್ಲಿ ಈ ತಪ್ಪು ಆಗಾಗ ಸಿಗುತ್ತದೆ.

ಬೇರೆ ಬೇರೆ ದರಕ್ಕೆ ಉತ್ತರ ಹೀಗೆ ಬಂತು:

| ದರ | ಎನ್‌ಪಿವಿ (ರೂಪಾಯಿ, ಸುಮಾರು) |
|---|---|
| 0% | −2,00,000 |
| 7% | −43,600 |
| 10% | 0 |
| 12% | +22,900 |
| 25% | +86,400 |
| 50% | 0 |
| 60% | −63,500 |

ಈ ಪಟ್ಟಿಯನ್ನು ಗ್ರಾಫ್ ಹಾಳೆಯಲ್ಲಿ ಬರೆದರೆ ಗುಡ್ಡೆಯ ಆಕಾರ ಬರುತ್ತದೆ. ಕೆಳಗಿಂದ ಹತ್ತಿ, 26 ಶೇಕಡಾದ ಸುಮಾರಿಗೆ ತುದಿ ಮುಟ್ಟಿ, ಮತ್ತೆ ಇಳಿಯುತ್ತದೆ. ತೋಟದಂಥ ಒಂದೇ ತಿರುವಿನ ಯೋಜನೆಯಲ್ಲಿ ಗೆರೆ ಸೊನ್ನೆಯನ್ನು ಒಮ್ಮೆ ಮಾತ್ರ ದಾಟುತ್ತದೆ, ಅದೂ ಇಳಿಜಾರಿನಲ್ಲಿ. "ನನಗೆ ಬೇಕಾದ ದರಕ್ಕಿಂತ ಐಆರ್‌ಆರ್ ಜಾಸ್ತಿ ಇದ್ದರೆ ಲಾಭ" ಎಂಬ ಮಾತು ನಿಲ್ಲುವುದು ಆ ಇಳಿಜಾರಿನ ಮೇಲೆ. ಗುಡ್ಡೆಯಲ್ಲಿ ಆ ಮಾತು ಉರುಳಿ ಬೀಳುತ್ತದೆ. ಭಾವನಿಗೆ ಬೇಕಾದ ದರ 7, ಐಆರ್‌ಆರ್ 10 ಮತ್ತು 50. ಎರಡೂ 7ಕ್ಕಿಂತ ಜಾಸ್ತಿ. ಆದರೂ 7ರಲ್ಲಿ ನಷ್ಟ.

ಪಟ್ಟಿ ನೋಡಿದ ಕೂಡಲೇ ಭಾವ ಒಂದು ಪ್ರಶ್ನೆ ಹಾಕಿದ. "ಹಾಗಾದರೆ 12ಕ್ಕೆ ಸಾಲ ತೆಗೆದರೆ ಲಾಭ, ಸ್ವಂತ ಹಣ ಹಾಕಿದರೆ ನಷ್ಟವಾ? ಇದೆಂಥ ನ್ಯಾಯ ಮಾರಾಯ?"

ಒಳ್ಳೆಯ ಪ್ರಶ್ನೆ. 12 ಅಂತ ಕೊಟ್ಟಾಗ ಎನ್‌ಪಿವಿಯೂ ಐಆರ್‌ಆರ್ ಮಾಡಿದ ತಪ್ಪನ್ನೇ ಸಣ್ಣದಾಗಿ ಮಾಡುತ್ತದೆ. ನೀವು ಹಿಡಿದುಕೊಂಡ ಹಣವೂ 12ರಲ್ಲಿ ಬೆಳೆಯುತ್ತದೆ ಅಂತ ಅದು ನಂಬುತ್ತದೆ. ನಿಮಗೆ ಬೇರೆ ಕಡೆ 12 ಶೇಕಡಾದ ದೊಡ್ಡ ಸಾಲ ಬಾಕಿ ಇದ್ದು, ಕೋರೆಯ ಹಣವನ್ನು ಅದಕ್ಕೆ ಕಟ್ಟಿ, ಮೂರನೇ ವರ್ಷ ಮತ್ತೆ ಅದೇ ದರಕ್ಕೆ ಸಾಲ ಎತ್ತಲು ಸಾಧ್ಯವಿದ್ದರೆ ಈ ನಂಬಿಕೆ ನಿಜವೇ. ಕಟ್ಟಿದ ಸಾಲಕ್ಕೆ ಬಡ್ಡಿ ಉಳಿಯುತ್ತದಲ್ಲ, ಅದೇ ಗಳಿಕೆ. ಅಂಥವರಿಗೆ ಈ ಕೋರೆ 22,900 ರೂಪಾಯಿ ಲಾಭದ್ದು. ಆದರೆ 20 ಲಕ್ಷ ಸಾಲ ತೆಗೆದು, ಅದನ್ನು ಒಂದೇ ವರ್ಷದಲ್ಲಿ ತೀರಿಸಿ, ಮಿಕ್ಕಿದ್ದನ್ನು 7ರ ಠೇವಣಿಯಲ್ಲಿ ಇಡುವವರಿಗೆ ಅಲ್ಲ. ದರ ಕೊಡುವ ಮೊದಲು ಕೇಳಿಕೊಳ್ಳಬೇಕಾದ್ದು "ನನ್ನ ಸಾಲದ ಬಡ್ಡಿ ಎಷ್ಟು" ಅಂತ ಮಾತ್ರ ಅಲ್ಲ, "ನಡುವೆ ಕೈಗೆ ಬಂದ ಹಣ ಎಲ್ಲಿ ಕೂತಿರುತ್ತದೆ" ಅಂತ.

ಎರಡನೆಯ ದಾರಿ ಎಂಐಆರ್‌ಆರ್, ಅಂದರೆ ತಿದ್ದಿದ ಐಆರ್‌ಆರ್. ಇದಕ್ಕೆ ಎರಡು ದರ ಕೊಡಬಹುದು: ಒಂದು ಸಾಲದ್ದು, ಒಂದು ಮರುಹೂಡಿಕೆಯದ್ದು. ಹೋಗುವ ಹಣವನ್ನೆಲ್ಲ ಸಾಲದ ದರದಲ್ಲಿ ಇವತ್ತಿಗೆ ಇಳಿಸುತ್ತದೆ, ಬರುವ ಹಣವನ್ನೆಲ್ಲ ಮರುಹೂಡಿಕೆಯ ದರದಲ್ಲಿ ಕೊನೆಯ ವರ್ಷಕ್ಕೆ ಬೆಳೆಸುತ್ತದೆ, ಎರಡರ ನಡುವಿನ ಬೆಳವಣಿಗೆ ಹೇಳುತ್ತದೆ. ಉತ್ತರ ಒಂದೇ.

```
=MIRR(B2:B5,7%,7%)     → 6.67%
=MIRR(B2:B5,12%,7%)    → 9.42%
```

ಎರಡೂ ಕಡೆ 7 ಕೊಟ್ಟಾಗ 6.67 ಬಂತು. 7ಕ್ಕಿಂತ ಕಡಿಮೆ, ಬೇಡ. ಎನ್‌ಪಿವಿ ಹೇಳಿದ್ದನ್ನೇ ಹೇಳಿತು. ಆದರೆ ಎರಡನೇ ಸಾಲು ನೋಡಿ. ಸಾಲದ ದರ 7ರಿಂದ 12ಕ್ಕೆ ಏರಿಸಿದರೆ ಪ್ರತಿಫಲ ಜಾಸ್ತಿ ಆಯಿತು! ಯಾಕೆಂದರೆ ಮೂರು ವರ್ಷದ ಆಚೆಗಿನ 33 ಲಕ್ಷವನ್ನೂ ಅದು 12ರಲ್ಲಿ ಇಳಿಸಿ, ಇವತ್ತಿನ ಲೆಕ್ಕಕ್ಕೆ 23.5 ಲಕ್ಷ ಅಂತ ಹಗುರ ಮಾಡಿಬಿಟ್ಟಿತು. 7ರಲ್ಲಿ ಅದೇ ಖರ್ಚು 26.9 ಲಕ್ಷ. ಬಡ್ಡಿ ಏರಿದಷ್ಟೂ ಹೊಂಡ ತುಂಬಿಸುವುದು ಅಗ್ಗ ಎಂಬ ಹಾಗೆ. ಕೊನೆಗೆ ದೊಡ್ಡ ಖರ್ಚಿರುವ ಯೋಜನೆಯಲ್ಲಿ ಎರಡು ಬೇರೆ ದರ ಕೊಟ್ಟ ಎಂಐಆರ್‌ಆರ್ ಅನ್ನು ನಾನಂತೂ ನಂಬುವುದಿಲ್ಲ. ಬ್ಯಾಂಕಿನವರು ಶೇಕಡಾವಾರು ಅಂಕಿಯೇ ಬೇಕು ಅಂದರೆ ಎರಡೂ ಕಡೆ ಒಂದೇ ದರ ಹಾಕಿ ಕೊಡಿ.

ಮೂರನೆಯದು ನನಗೆ ಇಷ್ಟವಾದದ್ದು. ಇದಕ್ಕೆ ದೊಡ್ಡ ಹೆಸರೇನೂ ಬೇಕಿಲ್ಲ, ನಮ್ಮ ಹಿರಿಯರು ಮಗಳ ಮದುವೆಗೆ ಮಾಡುತ್ತಿದ್ದದ್ದೇ: ಮುಂದೆ ಬರುವ ಖರ್ಚಿಗೆ ಈಗಲೇ ತೆಗೆದಿಡುವುದು. ಅರ್ಥಶಾಸ್ತ್ರದವರಲ್ಲಿ ಟೈಕ್ರೊ, ರೋಬಿಚೆಕ್, ಮೊಂಟಾಲ್ಬಾನೊ ಎಂಬ ಮೂವರು 1965ರಲ್ಲಿ ಇದೇ ಯೋಚನೆಯನ್ನು ಗಣಿತವಾಗಿ ಕಟ್ಟಿದರು. ಹಾಕಿದ ಹಣಕ್ಕೆ ಒಂದು ದರ, ಹಿಡಿದುಕೊಂಡ ಹಣಕ್ಕೆ ಇನ್ನೊಂದು ದರ ಅಂತ ಬೇರೆ ಮಾಡಿಬಿಡುವುದು.

ಕೊನೆಯಿಂದ ಹಿಂದಕ್ಕೆ ಬನ್ನಿ. ಮೂರನೇ ವರ್ಷ 33 ಲಕ್ಷ ಬೇಕು. 7ರ ಠೇವಣಿಯಿಂದ ಅದು ಬರಬೇಕಾದರೆ ಎರಡನೇ ವರ್ಷದ ಕೊನೆಗೆ 30.84 ಲಕ್ಷ ಇರಬೇಕು. ಆ ವರ್ಷ ಕಲ್ಲಿನಿಂದ ಬರುವ 19 ಪೂರ್ತಿ ಅದಕ್ಕೇ ಹೋಯಿತು. ಇನ್ನೂ 11.84 ಬೇಕು. ಅದಕ್ಕಾಗಿ ಒಂದನೇ ವರ್ಷದ ಕೊನೆಗೆ 11.07 ಲಕ್ಷ ಠೇವಣಿ ಇಡಬೇಕು. ಅಂದರೆ ಒಂದನೇ ವರ್ಷದ 32ರಲ್ಲಿ ನಿಜವಾಗಿ ಭಾವನದ್ದು ಅನ್ನಿಸಿಕೊಳ್ಳುವುದು 20.93 ಮಾತ್ರ. ಮಿಕ್ಕದ್ದೆಲ್ಲ ಹೊಂಡದ್ದು.

20 ಲಕ್ಷ ಹಾಕಿ, ಒಂದು ವರ್ಷ ಧೂಳು ಕುಡಿದು, 20.93 ಲಕ್ಷ. 4.67 ಶೇಕಡಾ. ಶೀಟಿನಲ್ಲಿ ಒಂದೇ ಸಾಲು:

```
=-(B3+NPV(7%,B4:B5))/B2-1    → 4.67%
```

ಈ ಸಾಲು ಹೀಗೆಯೇ ನಡೆಯುವುದು ಮೊದಲ ವರ್ಷದಲ್ಲೇ ಹಾಕಿದ ಹಣ ವಾಪಸು ಬರುವಾಗ ಮಾತ್ರ. ಹಣ ಬರಲು ಮೂರು ನಾಲ್ಕು ವರ್ಷ ಹಿಡಿದರೆ ಕೊನೆಯ ಖರ್ಚಿನಿಂದ ಹಿಂದಕ್ಕೆ ಒಂದೊಂದೇ ವರ್ಷ ನುಂಗಿಸುತ್ತಾ ಬನ್ನಿ. ಖರ್ಚು ಪೂರ್ತಿ ತೀರಿದಲ್ಲಿ ನಿಲ್ಲಿ. ಉಳಿದ ಸಾಲಿನಲ್ಲಿ ಒಂದೇ ತಿರುವು ಇರುತ್ತದೆ, ಅದಕ್ಕೆ ಸಾದಾ `IRR` ಹಾಕಿದರೆ ಒಂದೇ ಉತ್ತರ.

4.67 ಅಂಕಿಯನ್ನು ಯಾವುದರ ಪಕ್ಕದಲ್ಲಿ ಬೇಕಾದರೂ ಇಡಬಹುದು. ಸ್ವಂತ ಹಣವಾದರೆ 7ರ ಪಕ್ಕ. ಸಾಲವಾದರೆ 12ರ ಪಕ್ಕ. ಎರಡರಲ್ಲೂ ಸೋಲು. ಸಾಲ ತೆಗೆದವನಿಗೆ ಜಾಸ್ತಿ ಸೋಲು, ಅದು ಸಹಜ ನ್ಯಾಯ. ಭಾವನ ಪ್ರಶ್ನೆಗೂ ಇದೇ ಉತ್ತರ.

ನನ್ನ ಅಭಿಪ್ರಾಯ ಕೇಳಿದರೆ: ಬೇಕೋ ಬೇಡವೋ ಅಂತ ತೀರ್ಮಾನಿಸಲು ಎನ್‌ಪಿವಿ ಸಾಕು, ಆದರೆ ದರ ಒಂದರಲ್ಲೇ ನಿಲ್ಲದೆ ಮೇಲಿನಂಥ ಪಟ್ಟಿ ಮಾಡಿ. ಪಾಲುದಾರನಿಗೆ, ಮನೆಯವರಿಗೆ ವಿವರಿಸಲು ತೆಗೆದಿಡುವ ಲೆಕ್ಕ. ಐಆರ್‌ಆರ್ ಇಂಥ ಕಡೆ ಬೇಡವೇ ಬೇಡ, ಎಂಐಆರ್‌ಆರ್ ಯಾರಾದರೂ ಒತ್ತಾಯಿಸಿದರೆ.

ಒಂದೇ ಉತ್ತರ ಬಂದರೆ ಪಾಸಾ?

ಅಲ್ಲ. ಇದು ಬಹಳ ಮಂದಿ ಜಾರುವ ಜಾಗ.

ಭಾವನ ಕತೆ ಅಲ್ಲಿಗೆ ಮುಗಿಯಲಿಲ್ಲ. 7ರಲ್ಲಿ ಲಾಭ ನಷ್ಟ ಸಮವಾಗಬೇಕಾದರೆ ಹೊಂಡ ತುಂಬಿಸುವ ಖರ್ಚು ಎಷ್ಟಿರಬೇಕು ಅಂತ ತಿರುಗಿಸಿ ಲೆಕ್ಕ ಹಾಕಿದೆವು. 32.47 ಲಕ್ಷ. 33ಕ್ಕೂ ಅದಕ್ಕೂ ಇರುವ ಅಂತರ ಲೋಡಿಗೆ ಬರೀ 40 ರೂಪಾಯಿಯಷ್ಟು: 2,200ರ ಬದಲು 2,160ಕ್ಕೆ ಮಣ್ಣು ಸಿಕ್ಕಿದರೆ ಸಮ. ಮೂರು ವರ್ಷದ ನಂತರದ ಮಣ್ಣಿನ ದರವನ್ನು 40 ರೂಪಾಯಿಯ ಒಳಗೆ ಊಹಿಸಬಲ್ಲವರು ಯಾರೂ ಇಲ್ಲ. ಡೀಸೆಲ್ ಏರಿದರೆ ಹೋಯಿತು. ಮಳೆಗಾಲ ಬೇಗ ಬಂದು ಟಿಪ್ಪರ್ ಗುಡ್ಡೆ ಹತ್ತದಿದ್ದರೂ ಹೋಯಿತು. ಇಂಥ ಯೋಜನೆಯಲ್ಲಿ ಕಲ್ಲಿನ ರೇಟಿಗಿಂತ ಕೊನೆಯ ಖರ್ಚಿನ ಮೇಲೆ ಕಣ್ಣಿಡಬೇಕು.

ಹಾಗಾಗಿ ಭಾವ ಹೋದದ್ದು ಟಿಪ್ಪರಿನವರ ಹತ್ತಿರ ಅಲ್ಲ, ಜಾಗದ ಯಜಮಾನರ ಹತ್ತಿರ. ಅವರ ಅಡಿಕೆ ತೋಟ ಗುಡ್ಡೆಯ ಕೆಳಗಡೆ. ಬೇಸಿಗೆಯಲ್ಲಿ ಬಾವಿ ಒಣಗುತ್ತದೆ. "ಹೊಂಡದ ಕಾಲು ಭಾಗ, 25 ಸೆಂಟ್ಸ್, ತುಂಬಿಸದೆ ಮದಕದ ಹಾಗೆ ಬಿಡುವಾ, ಮಳೆ ನೀರು ನಿಲ್ಲಲಿ" ಅಂದ. ಕೆಂಪುಕಲ್ಲಿನ ಹೊಂಡದಲ್ಲಿ ನೀರು ಬೇಸಿಗೆಯವರೆಗೆ ನಿಲ್ಲುವುದು ಕಷ್ಟ, ಕಲ್ಲೇ ತೂತುತೂತು. ಆದರೆ ನಿಲ್ಲದಿದ್ದರೆ ಇಂಗುತ್ತದೆ, ಇಂಗಿದ್ದು ಕೆಳಗಿನ ಬಾವಿಗೆ ಇಳಿಯಬಹುದು. ಯಜಮಾನರು ಎರಡು ದಿನ ಯೋಚಿಸಿ, ಸುತ್ತ ಗಟ್ಟಿ ಬೇಲಿ ಹಾಕಿಕೊಡಬೇಕು ಅಂತ ಹೇಳಿ ಒಪ್ಪಿದರು. ಬೇಲಿಗೆ ಅಲ್ಲೇ ಒಡೆದ ಕಲ್ಲು ಸಾಕು.

ಈಗ ಲೋಡು 1,452ರಿಂದ 1,089ಕ್ಕೆ ಇಳಿಯಿತು. ಖರ್ಚು 25 ಲಕ್ಷ. ಸಾಲು −20, +32, +19, −25.

ತಿರುವು ಈಗಲೂ ಎರಡೇ. ಆದರೆ ಉತ್ತರ ಎರಡಾಗುತ್ತದೋ ಅಂತ ನೋಡಲು ಇನ್ನೊಂದು ಸುಲಭ ಪರೀಕ್ಷೆ ಇದೆ, ನಾರ್ಸ್ಟ್ರಮ್ ಎಂಬವರು ಕೊಟ್ಟದ್ದು. ಅಂಕಿಗಳನ್ನು ಒಂದೊಂದಾಗಿ ಕೂಡಿಸುತ್ತಾ ಹೋಗಿ: −20, +12, +31, +6. ಈ ಕೂಡಿಕೆಯ ಸಾಲಿನಲ್ಲಿ ತಿರುವು ಒಂದೇ ಇದ್ದರೆ ಸೊನ್ನೆಗಿಂತ ಮೇಲಿನ ಐಆರ್‌ಆರ್ ಒಂದೇ. ಹಳೆಯ ಸಾಲಿನಲ್ಲಿ ಕೂಡಿಕೆ −20, +12, +31, −2 ಇತ್ತು. ಎರಡು ತಿರುವು, ಅದಕ್ಕೇ ಖಾತ್ರಿ ಇರಲಿಲ್ಲ. ಕಾಗದದ ಹಿಂಬದಿಯಲ್ಲಿ ಅರ್ಧ ನಿಮಿಷದಲ್ಲಿ ಮಾಡಬಹುದಾದ ಪರೀಕ್ಷೆ ಇದು.

ಹೊಸ ಸಾಲಿಗೆ `IRR` ಏನು ಊಹೆ ಕೊಟ್ಟರೂ ಸೊನ್ನೆಯ ಮೇಲೆ ತೋರಿಸುವುದು ಒಂದೇ, 73.2 ಶೇಕಡಾ. ಪಾಲುದಾರ ಫೋನಿನಲ್ಲೇ ಕುಣಿದ. "ನೋಡಿ, ಈಗ ಎರಡು ಉತ್ತರದ ರಗಳೆ ಇಲ್ಲ. 73!"

ರಗಳೆ ಹೋಗಿರಲಿಲ್ಲ, ಅಡಗಿತ್ತು. ಒಂದೇ ಉತ್ತರ ಬಂದ ಮಾತ್ರಕ್ಕೆ ಒಳಗಿನ ನಂಬಿಕೆ ಬದಲಾಗಲಿಲ್ಲ. ಆ 73 ನಿಜವಾಗಬೇಕಾದರೆ ಮಣ್ಣಿಗೆ ಅಂತ ಹಿಡಿದುಕೊಂಡ ಹಣವೂ ವರ್ಷಕ್ಕೆ 73 ಶೇಕಡಾ ಬೆಳೆಯಬೇಕು. ತೆಗೆದಿಡುವ ಲೆಕ್ಕ ಮಾಡಿ: 25 ಲಕ್ಷಕ್ಕೆ ಎರಡನೇ ವರ್ಷದ ಕೊನೆಗೆ 23.36 ಬೇಕು. 19 ಕಳೆದರೆ 4.36. ಅದಕ್ಕೆ ಒಂದನೇ ವರ್ಷ 4.08 ಲಕ್ಷ ಠೇವಣಿ. 32ರಲ್ಲಿ ಅದು ಹೋಗಿ 27.92 ಉಳಿಯಿತು. 20 ಲಕ್ಷದ ಮೇಲೆ 39.6 ಶೇಕಡಾ. ತುಂಬ ಒಳ್ಳೆಯ ಅಂಕಿಯೇ, ಆದರೆ 73ರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಎನ್‌ಪಿವಿ 7ರಲ್ಲಿ ಸುಮಾರು 6.09 ಲಕ್ಷ ಲಾಭ ಹೇಳಿತು.

ಎರಡು ಬೇರೆ ಬೇರೆ ಕೋರೆಗಳಲ್ಲಿ ಒಂದನ್ನು ಆರಿಸುವಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ. ಕೊನೆಗೆ ತುಂಬಿಸುವ ಖರ್ಚು ಜಾಸ್ತಿ ಇರುವ ಕೋರೆಯ ಐಆರ್‌ಆರ್ ಯಾವಾಗಲೂ ಹೆಚ್ಚು ಉಬ್ಬಿರುತ್ತದೆ ಅಂತ ಹೇಳಲಾರೆ. ಆದರೆ ಮೊದಲ ವರ್ಷಗಳಲ್ಲಿ ರಾಶಿ ಹಣ ಬಂದು ಕೊನೆಗೆ ದೊಡ್ಡ ಖರ್ಚು ಬರುವ ಕೋರೆಯ 73ನ್ನು, ಕೊನೆಯ ಖರ್ಚೇ ಇಲ್ಲದ ಕೆಲಸವೊಂದರ 45ರ ಪಕ್ಕ ಇಟ್ಟು 73 ದೊಡ್ಡದು ಅಂದರೆ ಮೋಸ ಹೋದಂತೆ. ನಿಜವಾದ ಹೋಲಿಕೆ 39.6ಕ್ಕೂ 45ಕ್ಕೂ.

ಪಾಲುದಾರ ಒಂದು ಷರತ್ತಿಗೆ ಒಪ್ಪಲಿಲ್ಲ, ಆಮೇಲೆ ಒಪ್ಪಿದ. ಒಂದನೇ ವರ್ಷದ ಕೊನೆಗೆ ಪಾಲು ಹಂಚುವ ಮೊದಲು 4,08,000 ರೂಪಾಯಿ ಇಬ್ಬರ ಜಂಟಿ ಹೆಸರಿನಲ್ಲಿ ಠೇವಣಿ ಆಗಬೇಕು, ಎರಡನೇ ವರ್ಷದ 19 ಲಕ್ಷ ಮುಟ್ಟುವ ಹಾಗಿಲ್ಲ. ಇದನ್ನು ಪಾಲುದಾರಿಕೆ ಪತ್ರದಲ್ಲೇ ಬರೆಸಿದೆವು. ಭಾವ ಮಿಷನಿಗೆ ಮುಂಗಡ ಕೊಟ್ಟದ್ದು ಅದರ ಮರುದಿನ.